ಹೆಬ್ಬೆಟ್ಟು ಹೊಂದಿತು, ಹೆಸರು ಹೊಂದಲಿಲ್ಲ: ಬ್ಯಾಂಕ್ ಕೆವೈಸಿಯಲ್ಲಿ ಹೆಸರಿನ ವ್ಯತ್ಯಾಸ ಸರಿಪಡಿಸುವ ಬಗೆ

"ಅಣ್ಣಾರ, ಹೆಬ್ಬೆಟ್ಟ ಹೊಂದೇತಂತ್ರಿ, ಹೆಸರ ಹೊಂದವಲ್ದಂತ. ಆಧಾರ್ ತಿದ್ದಿಸ್ಕೊಂಡ ಬರ್ರಿ ಅಂದ್ರು."

ಗದಗ-ಬೆಟಗೇರಿಯಲ್ಲಿ ನಮ್ಮ ಓಣಿಯ ಶಾಂತವ್ವ ಒಂದು ದಿನ ಬ್ಯಾಂಕಿಗೆ ಕೆವೈಸಿ ಮಾಡಿಸಲು ಹೋಗಿ, ಮಧ್ಯಾಹ್ನ ಪಾಸ್‌ಬುಕ್ ಹಿಡಿದುಕೊಂಡು ಬಂದು ಹೀಗೆ ಹೇಳಿದರು. ಅವರ ಗುರುತು ಸಿಗಬಾರದು ಅಂತ ಹೆಸರು, ಅಡ್ಡಹೆಸರು ಎರಡನ್ನೂ ಇಲ್ಲಿ ಬದಲಿಸಿ ಬರೆಯುತ್ತಿದ್ದೇನೆ. ನಾನು ಬ್ಯಾಂಕಿನ ಕೌಂಟರ್ ಹಿಂದೆ ಕೂತು ನಿವೃತ್ತನಾದವನು. ಹಾಗಾಗಿ ಇಂಥವು ನನ್ನ ಕಟ್ಟೆಗೇ ಬರುತ್ತವೆ. ಬಂದವರಿಗೆಲ್ಲ ಮೊದಲು ಹೇಳುವುದು ಒಂದೇ ಮಾತು: ಆಧಾರ್ ತಿದ್ದಿಸಲು ಓಡಬೇಡಿ. ತಿದ್ದಬೇಕಾದ್ದು ಯಾವುದು ಅಂತ ಮೊದಲು ನೋಡೋಣ.

ಯಾಕೆಂದರೆ ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವನದಲ್ಲಿ ಎರಡೇ ಸಲ ಅವಕಾಶ. ಬ್ಯಾಂಕಿನ ದಾಖಲೆಗೆ ಅಂಥ ಲೆಕ್ಕವಿಲ್ಲ. ಸಣ್ಣ ಅಕ್ಷರದ ತಕರಾರಿಗೆ ಎರಡರಲ್ಲಿ ಒಂದನ್ನು ಸುಮ್ನೆ ಖರ್ಚು ಮಾಡಿಬಿಟ್ಟರೆ ಮುಂದೆ ನಿಜವಾಗಿ ಬೇಕಾದಾಗ ಕೈ ಕಟ್ಟಿಹೋಗುತ್ತದೆ.

ಇಷ್ಟು ವರ್ಷ ಇಲ್ಲದ್ದು ಈಗ್ಯಾಕೆ?

ಶಾಂತವ್ವನವರ ಪ್ರಶ್ನೆಯೂ ಇದೇ ಆಗಿತ್ತು. "ಗೃಹಲಕ್ಷ್ಮಿ ರೊಕ್ಕ ಇದೇ ಖಾತೇಕ್ಕ ಬರ್ತೈತಲ್ರಿ, ಅದಕ್ಕ ಹೆಸರ ಬ್ಯಾಡೇನು?"

ಬೇಡ. ಸರ್ಕಾರದ ದುಡ್ಡು ಆಧಾರ್ ಸಂಖ್ಯೆಯ ಮೇಲೆ ಬರುತ್ತದೆ. ಯಾವ ಆಧಾರ್ ಸಂಖ್ಯೆ ಯಾವ ಬ್ಯಾಂಕಿಗೆ ಜೋಡಿಯಾಗಿದೆ ಅನ್ನುವ ಪಟ್ಟಿ, ಬ್ಯಾಂಕುಗಳ ನಡುವಿನ ಪಾವತಿ ವ್ಯವಸ್ಥೆ ನಡೆಸುವ ಎನ್‌ಪಿಸಿಐ ಸಂಸ್ಥೆಯ ಹತ್ತಿರ ಇರುತ್ತದೆ. ಪಾವತಿ ಆ ಪಟ್ಟಿ ನೋಡಿ ಹೋಗುತ್ತದೆ, ಪಾಸ್‌ಬುಕ್ ಮೇಲಿನ ಹೆಸರು ನೋಡಿ ಅಲ್ಲ. ಅದಕ್ಕೇ ತಪ್ಪು ಹೆಸರಿನ ಖಾತೆಗೂ ದುಡ್ಡು ವರ್ಷಗಟ್ಟಲೆ ಸಲೀಸಾಗಿ ಬರುತ್ತಿರುತ್ತದೆ.

ಕೆವೈಸಿ ಬೇರೆ ಕೆಲಸ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಸಾಮಾನ್ಯ ಗ್ರಾಹಕರ ಗುರುತಿನ ವಿವರಗಳನ್ನು ಕನಿಷ್ಠ 10 ವರ್ಷಕ್ಕೊಮ್ಮೆ ಹೊಸದಾಗಿ ನೋಡಬೇಕು. ಜನಧನ್ ಯೋಜನೆ ಶುರುವಾದದ್ದು 2014ರ ಆಗಸ್ಟ್ 28ಕ್ಕೆ. ಆಗ ಓಣಿ ಓಣಿಗೆ ಕ್ಯಾಂಪ್ ಹಾಕಿ ತೆರೆದ ಖಾತೆಗಳಿಗೆಲ್ಲ ಈಗ ಹತ್ತು ವರ್ಷ ತುಂಬಿದೆ. ಆ ಕ್ಯಾಂಪ್‌ಗಳಲ್ಲಿ ನಾನೂ ಕೂತಿದ್ದೆ. ಒಂದು ಟೇಬಲ್, ಎದುರಿಗೆ ಉದ್ದ ಪಾಳಿ. ರೇಷನ್ ಕಾರ್ಡ್ ನೋಡಿ ಒಬ್ಬರು ಹೆಸರು ಕೂಗುವುದು, ಇನ್ನೊಬ್ಬರು ಫಾರ್ಮಿನಲ್ಲಿ ಕೈಯಿಂದ ಇಂಗ್ಲಿಷಿನಲ್ಲಿ ಬರೆಯುವುದು, ಸಂಜೆ ಮೂರನೆಯವರು ಟೈಪ್ ಮಾಡುವುದು. ಮೂರು ಕೈ ದಾಟಿದ ಹೆಸರು ಹೇಗಿದ್ದೀತು ಹೇಳಿ.

ಈಗ ಅದೇ ಖಾತೆಗೆ ಇ-ಕೆವೈಸಿ ಮಾಡಿದಾಗ ಎರಡು ಸಂಗತಿ ನಡೆಯುತ್ತವೆ. ನೀವು ಬೆರಳು ಒತ್ತಿದ ಕೂಡಲೇ ಆ ಬೆರಳು ನಿಮ್ಮದೇ ಹೌದೋ ಅಲ್ಲವೋ ಅಂತ ಆಧಾರ್ ಕಡೆಯವರು ನೋಡುತ್ತಾರೆ. ಹೌದಾದರೆ ನಿಮ್ಮ ಹೆಸರು, ಹುಟ್ಟಿದ ದಿನ, ಲಿಂಗ, ವಿಳಾಸ, ಫೋಟೊ ಬ್ಯಾಂಕಿಗೆ ಬರುತ್ತವೆ. ಆಮೇಲೆ ಬ್ಯಾಂಕಿನ ಕಂಪ್ಯೂಟರ್ ಆ ಹೆಸರನ್ನು ತನ್ನಲ್ಲಿರುವ ಹೆಸರಿನ ಜೊತೆ ಇಟ್ಟು ನೋಡುತ್ತದೆ. ಹೆಬ್ಬೆಟ್ಟು ಹೊಂದಿ ಹೆಸರು ಹೊಂದಲಿಲ್ಲ ಅಂದರೆ ಮೊದಲ ಬಾಗಿಲು ತೆರೆದಿದೆ, ಎರಡನೆಯದು ಮುಚ್ಚಿದೆ ಅಂತ ಅರ್ಥ. ಆ ಎರಡನೇ ಬಾಗಿಲಿನ ಕೀಲಿ ಇರುವುದು ನಿಮ್ಮ ಶಾಖೆಯಲ್ಲೇ.

ಮೊದಲ ಕೆಲಸ: ಒಂದು ಹಾಳೆ, ಒಂದು ಪೆನ್ನು

ಮನೆಯಲ್ಲಿರುವ ಎಲ್ಲ ಕಾರ್ಡು, ಪುಸ್ತಕ ಹರವಿಕೊಂಡು ಕೂತುಕೊಳ್ಳಿ. ಆಧಾರ್, ವೋಟರ್ ಕಾರ್ಡ್, ಪಾನ್ ಇದ್ದರೆ ಪಾನ್, ಪಾಸ್‌ಬುಕ್, ಜಮೀನಿದ್ದರೆ ಉತಾರ. ಪ್ರತಿಯೊಂದರಲ್ಲೂ ಹೆಸರು ಹೇಗಿದೆಯೋ ಹಾಗೇ ಅಕ್ಷರ ಅಕ್ಷರ ಒಂದರ ಕೆಳಗೊಂದು ಬರೆಯಿರಿ. ಶಾಂತವ್ವನವರ ಹಾಳೆ ಹೀಗಿತ್ತು:

```
ಪಾಸ್‌ಬುಕ್    SHANTAVVA W O BASAPPA
ಆಧಾರ್       Shantawwa Basappa Hosmani
ವೋಟರ್ ಕಾರ್ಡ್  Shantavva Hosamani
```

ಇಲ್ಲಿ ಒಂದು ಎಚ್ಚರಿಕೆ ಬೇಕು. ಆಧಾರ್ ಕಾರ್ಡಿನಲ್ಲಿ ಹೆಸರು ಎರಡು ಸಾಲಿನಲ್ಲಿರುತ್ತದೆ. ಮೇಲೆ ಕನ್ನಡ, ಕೆಳಗೆ ಇಂಗ್ಲಿಷ್. ನಮ್ಮವರು ಕನ್ನಡದ ಸಾಲು ಓದಿ "ಸರಿಯಾಗೇ ಐತಲ್ರಿ" ಅನ್ನುತ್ತಾರೆ. ಕನ್ನಡದಲ್ಲಿ ನಿಜವಾಗಿಯೂ ಸರಿಯಾಗೇ ಇರುತ್ತದೆ: ಶಾಂತವ್ವ ಬಸಪ್ಪ ಹೊಸಮನಿ. ಆದರೆ ಬ್ಯಾಂಕಿನಲ್ಲಿ ಹೋಲಿಕೆ ಆಗುವುದು ಇಂಗ್ಲಿಷ್ ಸಾಲಿನ ಜೊತೆ. ಜಗಳವೆಲ್ಲ ಅಲ್ಲೇ.

ನಮ್ಮ ಭಾಗದ ಹೆಸರುಗಳಿಗೆ ಇಂಗ್ಲಿಷಿನಲ್ಲಿ ಒಂದೇ ರೂಪ ಅಂತ ಇಲ್ಲವೇ ಇಲ್ಲ. ಅವ್ವ ಅನ್ನುವುದು `avva` ಆಗಬಹುದು, `awwa` ಆಗಬಹುದು. ಲಕ್ಷ್ಮಣ `Laxman`, `Lakshman`. ಗೌಡರ `Goudar`, `Gowdar`. ಈರಣ್ಣ `Iranna`, `Eeranna`, ಕೆಲವೊಮ್ಮೆ `Veeranna` ಕೂಡ. ಇವು ಯಾವುವೂ ತಪ್ಪಲ್ಲ, ಬರೆದವರ ಕೈಯ ರೂಢಿ ಅಷ್ಟೇ. ಕಂಪ್ಯೂಟರಿಗೆ ಮಾತ್ರ ಅವು ಬೇರೆ ಬೇರೆ ಮನುಷ್ಯರು.

ಇನ್ನೊಂದು ವಿಷಯ. ಕೈಯಲ್ಲಿರುವ ಆಧಾರ್ ಕಾರ್ಡ್ ಹಳೆಯದಾಗಿರಬಹುದು. ನಡುವೆ ಯಾವಾಗಲೋ ಮಗ ಹೋಗಿ ಹೆಸರು ತಿದ್ದಿಸಿರುತ್ತಾನೆ, ಮನೆಯಲ್ಲಿ ಹಳೆ ಲ್ಯಾಮಿನೇಷನ್ ಕಾರ್ಡೇ ಓಡಾಡುತ್ತಿರುತ್ತದೆ. ಇ-ಕೆವೈಸಿಯಲ್ಲಿ ಬರುವುದು ದಾಖಲೆಯಲ್ಲಿ ಈಗಿರುವ ಹೆಸರು, ಕಾರ್ಡಿನ ಮೇಲಿನದ್ದಲ್ಲ. ಆದ್ದರಿಂದ `myaadhaar.uidai.gov.in` ಗೆ ಹೋಗಿ ಮೊಬೈಲ್ ಓಟಿಪಿ ಹಾಕಿ ಹೊಸ ಪ್ರತಿ ಇಳಿಸಿಕೊಳ್ಳಿ. ಹಿಂದೆ ಏನೇನು ಬದಲಾವಣೆ ಆಗಿದೆ ಅನ್ನುವುದೂ ಅಲ್ಲೇ ಸಿಗುತ್ತದೆ. ಹೆಸರು ಬದಲಿಸುವ ಎರಡು ಅವಕಾಶದಲ್ಲಿ ಎಷ್ಟು ಉಳಿದಿದೆ ಅಂತ ಅದರಿಂದ ತಿಳಿಯುತ್ತದೆ.

ಯಾವುದನ್ನು ತಿದ್ದಬೇಕು?

ಆಧಾರ್‌ನ ಹೆಸರು ಪೂರ್ತಿ ಇದೆ, ಓದಿದರೆ ನಿಮ್ಮ ಹೆಸರೇ ಅನಿಸುತ್ತದೆ, ಸ್ಪೆಲಿಂಗ್ ಮಾತ್ರ ಒಂದು ರೂಢಿಯದು. ಹಾಗಿದ್ದರೆ ಆಧಾರ್ ಮುಟ್ಟಬೇಡಿ, ಬ್ಯಾಂಕಿನ ಹೆಸರನ್ನು ಅದರಂತೆ ಮಾಡಿಸಿ. ಶಾಂತವ್ವನವರದ್ದು ಇದೇ ಜಾತಿ. `Hosmani` ಬದಲು `Hosamani` ಇದ್ದರೆ ಚೆಂದ ಅಂತ ಅವರ ಮಗನಿಗೆ ಅನಿಸಿತು. ಚೆಂದಕ್ಕಾಗಿ ಒಂದು ಅವಕಾಶ ಕಳೆಯುವುದು ಬೇಡ ಅಂದೆ.

ಆಧಾರ್ ಒಂದರಲ್ಲೇ ತಪ್ಪಿದ್ದು, ಉಳಿದದ್ದೆಲ್ಲ ಒಂದೇ ಥರ ಇದ್ದರೆ ಮಾತು ಬೇರೆ. ಹಾವೇರಿಯಲ್ಲಿ ನನ್ನ ಸಂಬಂಧಿಕ ಹುಡುಗನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪಾನ್, ಪಾಸ್‌ಬುಕ್ ಮೂರರಲ್ಲೂ `Mallikarjun` ಇತ್ತು. ಆಧಾರ್‌ನಲ್ಲಿ ಒಂದು `l` ಬಿಟ್ಟುಹೋಗಿ `Malikarjun` ಆಗಿತ್ತು. ಅಲ್ಲಿ ಬ್ಯಾಂಕಿನ ಹೆಸರನ್ನು ಆಧಾರ್‌ನಂತೆ ಮಾಡಿದರೆ ನಾಳೆ ಪಾನ್ ಜೊತೆ ತಕರಾರು, ನಾಡಿದ್ದು ನೌಕರಿಯಲ್ಲಿ ಅಂಕಪಟ್ಟಿ ಜೊತೆ ತಕರಾರು. ಅವನಿಗೆ ಆಧಾರ್ ತಿದ್ದಿಸುವುದೇ ಸರಿ ಅಂದೆ.

ಅವನು ಹುಬ್ಬಳ್ಳಿಯ ಆಧಾರ್ ಸೇವಾ ಕೇಂದ್ರಕ್ಕೆ ಹೋದ. ಕೆಲವು ಬ್ಯಾಂಕ್ ಶಾಖೆ, ಅಂಚೆ ಕಚೇರಿಗಳಲ್ಲೂ ಆಗುತ್ತದೆ. ಸರಿಯಾದ ಹೆಸರಿರುವ ಗುರುತಿನ ದಾಖಲೆಯ ಅಸಲು ಪ್ರತಿ ಒಯ್ಯಬೇಕು. ಅಲ್ಲೇ ಸ್ಕ್ಯಾನ್ ಮಾಡಿ ವಾಪಸ್ ಕೊಡುತ್ತಾರೆ. 2025ರ ಅಕ್ಟೋಬರ್‌ನಿಂದ ಇದರ ಶುಲ್ಕ 75 ರೂಪಾಯಿ. ಆಪರೇಟರ್ ಟೈಪ್ ಮಾಡಿದ ಮೇಲೆ ಸ್ಕ್ರೀನ್ ನಿಮ್ಮ ಕಡೆ ತಿರುಗಿಸಿ ತೋರಿಸಲು ಹೇಳಿ. ಹೆಸರನ್ನು ಅಕ್ಷರ ಎಣಿಸಿ ಓದಿ. ಗಡಿಬಿಡಿಯಲ್ಲಿ "ಹೂಂ ಹೂಂ" ಅಂದುಬಿಟ್ಟರೆ ಒಂದು ಅವಕಾಶ ಹೋಯಿತು, ತಪ್ಪು ಮಾತ್ರ ಹಾಗೇ ಉಳಿಯಿತು. ಎರಡು ಅವಕಾಶವೂ ಮುಗಿದವರ ಅರ್ಜಿ ಆಧಾರ್ ಪ್ರಾಧಿಕಾರದ ಪ್ರಾದೇಶಿಕ ಕಚೇರಿಯವರೆಗೆ ಹೋಗಬೇಕು. ನಮ್ಮ ರಾಜ್ಯಕ್ಕೆ ಅದು ಬೆಂಗಳೂರಿನಲ್ಲಿದೆ. ಸಹಾಯವಾಣಿ 1947.

ತವರಿನ ಹೆಸರು, ಗಂಡನ ಮನೆಯ ಹೆಸರು

ಮೇಲಿನ ಎರಡಕ್ಕಿಂತ ಗಟ್ಟಿಯಾದ ಕಗ್ಗಂಟು ಇದು. ಕಾಲೇಜಿನಲ್ಲಿದ್ದಾಗ ತಂದೆಯ ಹೆಸರಿನೊಂದಿಗೆ ಖಾತೆ ತೆರೆದಿರುತ್ತಾರೆ. ಮದುವೆಯಾದ ಮೇಲೆ ಆಧಾರ್‌ನಲ್ಲಿ ಗಂಡನ ಹೆಸರು, ಗಂಡನ ಮನೆಯ ಅಡ್ಡಹೆಸರು ಬಂದಿರುತ್ತದೆ. ಕೆಲವು ಮನೆತನಗಳಲ್ಲಿ ಮದುವೆಯ ಹೊತ್ತಿಗೆ ಹುಡುಗಿಯ ಸ್ವಂತ ಹೆಸರನ್ನೇ ಬದಲಿಸುವ ಪದ್ಧತಿಯೂ ಇದೆ. ಆಗ ಎರಡು ಕಾಗದದ ನಡುವೆ ಹೊಂದುವ ಅಕ್ಷರವೇ ಇರುವುದಿಲ್ಲ. ಇದು ಸ್ಪೆಲಿಂಗ್ ವ್ಯತ್ಯಾಸ ಅಲ್ಲ, ಹೆಸರು ಬದಲಾವಣೆ. ಬ್ಯಾಂಕು ಇದನ್ನು ನೋಡುವ ರೀತಿಯೇ ಬೇರೆ.

ರಿಸರ್ವ್ ಬ್ಯಾಂಕಿನ ಕೆವೈಸಿ ನಿರ್ದೇಶನದಲ್ಲಿ ಇದಕ್ಕೊಂದು ದಾರಿ ಬರೆದೇ ಇದೆ. ಸರ್ಕಾರ ಗುರುತಿನ ದಾಖಲೆ ಕೊಟ್ಟ ಮೇಲೆ ಹೆಸರು ಬದಲಾಗಿದ್ದರೂ ಆ ದಾಖಲೆ ನಡೆಯುತ್ತದೆ, ಆದರೆ ಆ ಬದಲಾವಣೆ ತೋರಿಸುವ ಸರ್ಕಾರದ ಮದುವೆ ಪ್ರಮಾಣಪತ್ರ ಅಥವಾ ಗೆಜೆಟ್ ಪ್ರಕಟಣೆ ಜೊತೆಗಿರಬೇಕು. ಈ ಎರಡೇ. ಕೋರ್ಟಿನ ಮುಂದಿನ ಟೈಪಿಂಗ್ ಅಂಗಡಿಯಲ್ಲಿ ಮಾಡಿಸುವ "ಇಬ್ಬರೂ ಒಬ್ಬರೇ" ಅಫಿಡವಿಟ್ ಆ ಸಾಲಿನಲ್ಲಿ ಇಲ್ಲ. ಸ್ಪೆಲಿಂಗ್ ವ್ಯತ್ಯಾಸಕ್ಕೆ ಹೆಚ್ಚುವರಿ ಆಧಾರವಾಗಿ ಕೆಲವು ಶಾಖೆಗಳು ಅದನ್ನು ತೆಗೆದುಕೊಳ್ಳುತ್ತವೆ. ಆದರೆ ಪೂರ್ತಿ ಹೆಸರು ಬದಲಾದಾಗ ಅದರ ಮೇಲೆ ಭಾರ ಹಾಕಬೇಡಿ. ಬ್ಯಾಂಕಿನವರು ಕೇಳುವ ಮೊದಲೇ ಅಫಿಡವಿಟ್‌ಗೆ ದುಡ್ಡು ಸುರಿಯುವವರೇ ಜಾಸ್ತಿ, ಅದಕ್ಕೆ ಹೇಳಿದೆ.

ಮದುವೆ ನೋಂದಣಿ ಮಾಡಿಸಿಲ್ಲ ಅಂದರೆ ಈಗಲೂ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಮಾಡಿಸಬಹುದು. ಮದುವೆಯಾಗಿ ಎಷ್ಟೋ ವರ್ಷ ಆದವರೂ ಮಾಡಿಸುತ್ತಾರೆ. ಪ್ರಮಾಣಪತ್ರ ಕೈಗೆ ಬಂದಾಗ ವಧುವಿನ ತಂದೆಯ ಹೆಸರು, ವರನ ಹೆಸರು ಎರಡೂ ಬ್ಯಾಂಕ್ ಮತ್ತು ಆಧಾರ್ ದಾಖಲೆಗಳ ಜೊತೆ ಹೊಂದುತ್ತವೆಯೇ ನೋಡಿ. ತವರಿನ ಹೆಸರಿನಿಂದ ಗಂಡನ ಮನೆಯ ಹೆಸರಿಗೆ ಸೇತುವೆ ಆಗುವುದು ಆ ಕಾಗದ. ಸ್ವಂತ ಹೆಸರೇ ಬೇರೆಯಾಗಿದ್ದು ಪ್ರಮಾಣಪತ್ರದಲ್ಲಿ ಒಂದೇ ಹೆಸರಿದ್ದರೆ ಸೇತುವೆ ಅರ್ಧಕ್ಕೆ ನಿಂತಂತೆ. ಆಗ ಗೆಜೆಟ್ ದಾರಿಯೇ ಉಳಿಯುವುದು.

ಶಾಖೆಯಲ್ಲಿ: ಮೊದಲು ಹೆಸರು, ಆಮೇಲೆ ಕೆವೈಸಿ

ಮತ್ತೆ ಶಾಂತವ್ವನವರ ಕಡೆ ಬರೋಣ. ಕೌಂಟರಿನಲ್ಲಿ ಅವರು ಕೇಳಿದ್ದು "ಕೆವೈಸಿ ಮಾಡಿಕೊಡ್ರಿ" ಅಂತ. ಸಿಬ್ಬಂದಿ ಮಾಡಿದರು, ಹೆಸರು ಹೊಂದದೆ ನಿಂತಿತು. ಕೇಳಬೇಕಿದ್ದು ಬೇರೆ: "ಖಾತೆಯಲ್ಲಿ ನನ್ನ ಹೆಸರು ತಿದ್ದಿರಿ, ಆಮೇಲೆ ಕೆವೈಸಿ ಮಾಡಿರಿ." ಇವು ಎರಡು ಬೇರೆ ಅರ್ಜಿ, ಎರಡು ಬೇರೆ ಎಂಟ್ರಿ. ಈ ಕ್ರಮ ತಪ್ಪಿದ್ದಕ್ಕೇ ಎಷ್ಟೋ ಜನ ನಾಲ್ಕು ನಾಲ್ಕು ಸಲ ಅಲೆದಿದ್ದಾರೆ.

ಹಳ್ಳಿಯ ಬ್ಯಾಂಕ್ ಮಿತ್ರರ ಹತ್ತಿರವೂ ಇದು ಮುಗಿಯುವುದಿಲ್ಲ. ವಿವರ ಏನೂ ಬದಲಾಗಿಲ್ಲ ಅಥವಾ ವಿಳಾಸ ಮಾತ್ರ ಬದಲಾಗಿದೆ ಅನ್ನುವ ಘೋಷಣೆಯನ್ನು ಅವರು ತೆಗೆದುಕೊಳ್ಳಬಹುದು ಅಂತ 2025ರಲ್ಲಿ ರಿಸರ್ವ್ ಬ್ಯಾಂಕ್ ಅನುಮತಿ ಕೊಟ್ಟಿದೆ. ಹೆಸರು ಅದರಲ್ಲಿ ಸೇರಿಲ್ಲ. ಹೆಸರಿಗೆ ಶಾಖೆಗೇ ಹೋಗಬೇಕು.

ನಾವು ಒಂದು ಬಿಳಿ ಹಾಳೆಯಲ್ಲಿ ಅರ್ಜಿ ಬರೆದೆವು. ದೊಡ್ಡದೇನಲ್ಲ, ಇಷ್ಟೇ:

"ನನ್ನ ಉಳಿತಾಯ ಖಾತೆ ಸಂಖ್ಯೆ ಇದು. ಖಾತೆ ತೆರೆಯುವಾಗ ನನ್ನ ಹೆಸರನ್ನು `SHANTAVVA W O BASAPPA` ಎಂದು ನಮೂದಿಸಲಾಗಿದೆ. ನನ್ನ ಆಧಾರ್‌ನಲ್ಲಿ ಹೆಸರು `Shantawwa Basappa Hosmani` ಎಂದಿದೆ. ಎರಡೂ ನನ್ನದೇ ಹೆಸರು. ನನ್ನ ಗ್ರಾಹಕ ಸಂಖ್ಯೆ ಮತ್ತು ಖಾತೆ ಎರಡರಲ್ಲೂ ಹೆಸರನ್ನು ಆಧಾರ್‌ನಲ್ಲಿರುವಂತೆ ತಿದ್ದಿ, ನಂತರ ಕೆವೈಸಿ ನವೀಕರಿಸಿಕೊಡಿ."

ಜೊತೆಗೆ ಹೊಸದಾಗಿ ಇಳಿಸಿಕೊಂಡ ಆಧಾರ್, ವೋಟರ್ ಕಾರ್ಡ್, ಪಾಸ್‌ಬುಕ್ಕಿನ ಮೊದಲ ಪುಟ, ಒಂದು ಫೋಟೊ. ಪಾನ್ ಇಲ್ಲದ್ದರಿಂದ ಫಾರ್ಮ್ 60. ಜೆರಾಕ್ಸ್ ಜೊತೆಗೆ ಅಸಲು ಪ್ರತಿಗಳನ್ನೂ ಒಯ್ದಿದ್ದೆವು. ಅರ್ಜಿಯನ್ನು ಎರಡು ಪ್ರತಿ ಮಾಡಿ ಒಂದರ ಮೇಲೆ ಸೀಲು, ತಾರೀಖು ಹಾಕಿಸಿಕೊಂಡೆವು. ಹೆಬ್ಬೆಟ್ಟು ಒತ್ತುವವರು ಮನೆಯಲ್ಲೇ ಒತ್ತಿಕೊಂಡು ಹೋಗಬಾರದು, ಬ್ಯಾಂಕಿನ ಅಧಿಕಾರಿಯ ಎದುರೇ ಒತ್ತಬೇಕು.

ಅರ್ಜಿಯಲ್ಲಿ "ಗ್ರಾಹಕ ಸಂಖ್ಯೆ ಮತ್ತು ಖಾತೆ ಎರಡರಲ್ಲೂ" ಅಂತ ಬರೆದದ್ದಕ್ಕೆ ಕಾರಣ ಇದೆ. ಬ್ಯಾಂಕಿನಲ್ಲಿ ನಿಮ್ಮ ಹೆಸರು ಎರಡು ಕಡೆ ಕೂತಿರುತ್ತದೆ. ಒಂದು ಗ್ರಾಹಕ ಸಂಖ್ಯೆಯ ಕೆಳಗೆ, ಅಂದರೆ ನೀವು ಯಾರು ಅನ್ನುವ ದಾಖಲೆಯಲ್ಲಿ. ಕೆವೈಸಿ ನೋಡುವುದು ಇದನ್ನು. ಇನ್ನೊಂದು ಖಾತೆಯ ಹೆಸರು, ಪಾಸ್‌ಬುಕ್ ಮೇಲೆ ಅಚ್ಚಾಗುವುದು. ಎಷ್ಟೋ ಸಲ ಒಂದನ್ನು ತಿದ್ದಿ ಇನ್ನೊಂದನ್ನು ಬಿಟ್ಟಿರುತ್ತಾರೆ.

ಇನ್ನೂ ಒಂದು ಮಾತು ಕೇಳಿ: "ನನ್ನ ಹೆಸರಿನಲ್ಲಿ ಎರಡು ಗ್ರಾಹಕ ಸಂಖ್ಯೆ ಇವೆಯೇ, ನೋಡ್ತೀರಾ?" ಶಾಂತವ್ವನವರಿಗೆ ಇದ್ದವು. ಜನಧನ್ ಖಾತೆಗೆ ಒಂದು. ಆಮೇಲೆ ಸ್ವಸಹಾಯ ಸಂಘದ ಸಾಲದ ಹೊತ್ತಿಗೆ ಹೊಸದಾಗಿ ಮಾಡಿದ್ದು ಇನ್ನೊಂದು, ಅದರಲ್ಲಿ `SHANTAVVA B HOSAMANI`. ಒಂದನ್ನು ತಿದ್ದಿ ಇನ್ನೊಂದನ್ನು ಬಿಟ್ಟಿದ್ದರೆ ಆರು ತಿಂಗಳ ನಂತರ ಮತ್ತೆ ಕೆವೈಸಿ ಬಾಕಿ ಅಂತ ಎಸ್ಸೆಮ್ಮೆಸ್ ಬರುತ್ತಿತ್ತು. ಎರಡನ್ನೂ ಒಂದಾಗಿ ಸೇರಿಸಲು ಅದೇ ಅರ್ಜಿಯ ಕೆಳಗೆ ಒಂದು ಸಾಲು ಬರೆದುಕೊಟ್ಟೆವು.

ಹೆಸರಿನ ಎಂಟ್ರಿಯನ್ನು ಒಬ್ಬರು ಮಾಡಬೇಕು, ಇನ್ನೊಬ್ಬರು ಪಾಸ್ ಮಾಡಬೇಕು. ಎರಡನೆಯವರು ರಜೆಯಲ್ಲಿದ್ದರೆ ಅವತ್ತು ಆಗುವುದಿಲ್ಲ. ಅದಕ್ಕೆ ಸೋಮವಾರ, ತಿಂಗಳ ಮೊದಲ ವಾರ ಬಿಟ್ಟು ನಡುವಾರ ಮಧ್ಯಾಹ್ನದ ಹೊತ್ತಿಗೆ ಹೋಗುವುದು ಒಳ್ಳೆಯದು. ನಮ್ಮ ಕೆಲಸಕ್ಕೆ ನಾಲ್ಕು ದಿನ ಹಿಡಿಯಿತು. ಐದನೇ ದಿನ ಮತ್ತೆ ಹೋಗಿ ಬೆರಳು ಒತ್ತಿದರು. ಈ ಸಲ ಹೆಸರೂ ಹೊಂದಿತು.

ಶಾಖೆಯವರು ಅರ್ಜಿ ಇಟ್ಟುಕೊಂಡು ಸುಮ್ಮನಾದರೆ ಮೊದಲು ಆ ಬ್ಯಾಂಕಿಗೇ ಬರಹದಲ್ಲಿ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿ ಕಾಣದಿದ್ದರೆ, `cms.rbi.org.in` ನಲ್ಲಿ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹಾಕಬಹುದು. ಅದಕ್ಕೆ ಶುಲ್ಕವಿಲ್ಲ. ಮಾಹಿತಿಗೆ 14448ಕ್ಕೆ ಫೋನ್ ಮಾಡಬಹುದು. ಸೀಲು ಹಾಕಿಸಿಕೊಂಡ ಪ್ರತಿ ಕೆಲಸಕ್ಕೆ ಬರುವುದು ಇಲ್ಲೇ. ಮತ್ತೆ, ಹೆಸರು ಸರಿ ಮಾಡುತ್ತೇವೆ ಅಂತ ವಾಟ್ಸಾಪಿನಲ್ಲಿ ಬರುವ ಲಿಂಕು, ಎಪಿಕೆ ಫೈಲು ಒತ್ತಲೇಬೇಡಿ. ಬ್ಯಾಂಕು ಹೆಸರನ್ನು ಹಾಗೆ ತಿದ್ದುವುದಿಲ್ಲ.

ಆಯ್ತು ಅಂದ ಮೇಲೆ ನೋಡಬೇಕಾದ್ದು

ಕೌಂಟರಿನಲ್ಲಿ "ಆಯ್ತು ಹೋಗ್ರಿ" ಅಂದರು. ಪಾಸ್‌ಬುಕ್ ಹೊಸದಾಗಿ ಅಚ್ಚು ಹಾಕಿಸಿದರೆ ಅದರ ಮೇಲೆ ಇನ್ನೂ `SHANTAVVA W O BASAPPA`! ನಾನು ಹೆದರಿದ್ದು ಇದಕ್ಕೇ. ಗ್ರಾಹಕ ಸಂಖ್ಯೆಯಲ್ಲಿ ತಿದ್ದಿದ್ದರು, ಖಾತೆಯಲ್ಲಿ ಬಿಟ್ಟಿದ್ದರು. ಅರ್ಜಿಯ ಆ ಸಾಲನ್ನು ತೋರಿಸಿದೆವು, ಅಲ್ಲೇ ಕೂತಲ್ಲೇ ತಿದ್ದಿಕೊಟ್ಟರು. ಆದ್ದರಿಂದ ಬಾಯಿಮಾತು ಸಾಕಾಗುವುದಿಲ್ಲ, ಅಚ್ಚಾದ ಹೆಸರನ್ನೇ ನೋಡಿ. ಮನೆಯಲ್ಲಿ ಯಾರಿಗಾದರೂ ಯುಪಿಐ ಇದ್ದರೆ ಇನ್ನೊಂದು ಸುಲಭ ದಾರಿ ಇದೆ. ಆ ಖಾತೆಯ ಸಂಖ್ಯೆ, ಐಎಫ್‌ಎಸ್‌ಸಿ ಹಾಕಿ ಒಂದು ರೂಪಾಯಿ ಕಳಿಸಲು ಹೊರಡಿ. ಎಷ್ಟೋ ಆ್ಯಪ್‌ಗಳಲ್ಲಿ ಬ್ಯಾಂಕಿನ ಕಡೆಯಿಂದ ಬರುವ ಹೆಸರು ಮೇಲೆ ಕಾಣುತ್ತದೆ.

ಎಟಿಎಂ ಕಾರ್ಡಿನ ಮೇಲೆ ಹಳೆ ಹೆಸರಿದ್ದರೆ ಅವಸರವಿಲ್ಲ, ಅವಧಿ ಮುಗಿಯುವವರೆಗೆ ಅದು ನಡೆಯುತ್ತದೆ. ಅವಸರ ಇರುವುದು ನಾಮಿನಿಯದು. ಎಷ್ಟೋ ಜನಧನ್ ಖಾತೆಗಳಿಂದ ವರ್ಷಕ್ಕೆ 20 ರೂಪಾಯಿ ಸುರಕ್ಷಾ ವಿಮೆಗೆ, 436 ರೂಪಾಯಿ ಜೀವನ್ ಜ್ಯೋತಿ ವಿಮೆಗೆ ಕಟ್ ಆಗುತ್ತಿರುತ್ತದೆ. ಅಲ್ಲಿ ನಾಮಿನಿಯ ಹೆಸರು ತಪ್ಪಿದ್ದರೆ ವಿಮೆಯ ದುಡ್ಡು ಕೇಳುವ ಹೊತ್ತಿಗೆ ಅದನ್ನು ಸರಿ ಮಾಡಿಸಲು ಖಾತೆದಾರರೇ ಇರುವುದಿಲ್ಲ.

ಹೇಗೂ ಬಂದಿದ್ದೇವೆ, ನಾಮಿನಿ ಯಾರಂತ ಇದೆ ನೋಡ್ರಿ ಅಂದೆ. ಸಿಬ್ಬಂದಿ ಸ್ಕ್ರೀನ್ ಓದಿ ನಕ್ಕರು. ಶಾಂತವ್ವನವರ ಮಗನ ಆಧಾರ್‌ನಲ್ಲಿ ಹೆಸರು `Basavaraj`. ಸ್ಕ್ರೀನಿನಲ್ಲಿ ಇದ್ದದ್ದು `BASU`. ಕ್ಯಾಂಪಿನ ದಿನ ಮಗನ ಹೆಸರೇನು ಅಂತ ಕೇಳಿದಾಗ ಅವರು ಮನೆಯಲ್ಲಿ ಕರೆಯುವ ಹೆಸರನ್ನೇ ಹೇಳಿದ್ದರು. ನಾಮಿನಿ ಬದಲಾವಣೆಯ ಫಾರ್ಮ್ ತೆಗೆದುಕೊಂಡು, ಪೆನ್ನಿಗೆ ಪಕ್ಕದವರನ್ನು ಕೇಳಿ, ಅಲ್ಲೇ ಬೆಂಚಿನ ಮೇಲೆ ತುಂಬಲು ಕೂತೆವು.